ಗೇಟಿನ ತನಕ ಮಾತು, ಗೇಟಿನೊಳಗೆ ಮೌನ

ನಾಲ್ಕನೇ ತರಗತಿಯ ಮಕ್ಕಳಿಗೆಲ್ಲ ಒಂದು ಕಾನೂನು ಗೊತ್ತಿದೆ. ಅದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಯಾವ ಮೇಷ್ಟರೂ ಅದನ್ನು ಹೇಳಿಕೊಟ್ಟಿಲ್ಲ. ಆದರೂ ಊಟದ ಗಂಟೆ ಹೊಡೆದ ಕೂಡಲೇ ಜಾರಿಗೆ ಬರುತ್ತದೆ. ಹುಡುಗರ ಡಬ್ಬಿಗಳು ಒಂದು ಕಟ್ಟೆಯ ಮೇಲೆ, ಹುಡುಗಿಯರ ಡಬ್ಬಿಗಳು ಇನ್ನೊಂದು ಕಟ್ಟೆಯ ಮೇಲೆ. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ. ಆದರೆ ಯಾರೂ ದಾಟುವುದಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಒಂದನೇ ತರಗತಿಯಲ್ಲಿ ಪಕ್ಕದವನ ಕೈ ಹಿಡಿದು ನೀರು ಕುಡಿಯಲು ಹೋಗುತ್ತಿದ್ದ ಹುಡುಗಿಯೇ ಮೂರನೇ ತರಗತಿಗೆ ಬರುವ ಹೊತ್ತಿಗೆ, ಅದೇ ಹುಡುಗನ ಬೆಂಚಿನಲ್ಲಿ ಕೂರಲು ಹೇಳಿದರೆ ಮುಖ ಸಿಂಡರಿಸುವುದನ್ನು ವರ್ಷ ವರ್ಷವೂ ನೋಡಿದ್ದೇನೆ. ಆ ಎರಡು ವರ್ಷದಲ್ಲಿ ಆಗುವುದೇನು? ಈ ಪ್ರಶ್ನೆಯನ್ನು ನನ್ನಂತೆ ಅನೇಕರು ಕೇಳಿದ್ದಾರೆ. ಕೆಲವರು ಕೇಳಿ ಸುಮ್ಮನಾಗದೆ, ಮಕ್ಕಳ ನಡುವೆ ಕೂತು ಎಣಿಸಿಯೂ ನೋಡಿದ್ದಾರೆ.

ಮೊದಲು ಎಣಿಸಿದವರಲ್ಲಿ ಜೇಕಬ್ ಮೊರೆನೊ ಎಂಬ ವೈದ್ಯರು ಒಬ್ಬರು. ವಿಯೆನ್ನಾದಲ್ಲಿ ಓದಿ ಅಮೆರಿಕಕ್ಕೆ ಹೋದವರು. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಶಾಲೆಯಲ್ಲಿ ಅವರು ಮಕ್ಕಳನ್ನು ಕೇಳಿದ್ದು ಬಹಳ ಸರಳವಾದ ಪ್ರಶ್ನೆ: ನಿನ್ನ ಪಕ್ಕದಲ್ಲಿ ಯಾರು ಕೂರಬೇಕು? ಉತ್ತರಗಳನ್ನು 1934ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಶಿಶುವಿಹಾರದ ಮಕ್ಕಳ ಆಯ್ಕೆಗಳಲ್ಲಿ ಸುಮಾರು ಕಾಲು ಭಾಗ ಹುಡುಗ ಹುಡುಗಿಯನ್ನು, ಹುಡುಗಿ ಹುಡುಗನನ್ನು ಆರಿಸಿದ್ದಾಗಿತ್ತು. ನಾಲ್ಕನೇ ತರಗತಿಗೆ ಬಂದಾಗ ಅದು ನೂರಕ್ಕೆ ಮೂರರಷ್ಟಕ್ಕೆ ಇಳಿದಿತ್ತು. ಈ ಸಂಖ್ಯೆ ನೋಡಿದಾಗ ನನಗೆ ನಗು ಬಂತು. ದೇಶ ಬೇರೆ, ಕಾಲ ಬೇರೆ, ಡಬ್ಬಿಯೊಳಗಿನ ತಿಂಡಿಯೂ ಬೇರೆ. ಆದರೆ ನಾಲ್ಕನೇ ತರಗತಿ ಮಾತ್ರ ಅದೇ.

ಆಮೇಲೆ ಅಮೆರಿಕದಲ್ಲೇ ಎಲೆನರ್ ಮೆಕಬಿ ಮತ್ತು ಕ್ಯಾರಲ್ ಜಾಕ್ಲಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಮಕ್ಕಳು ಆಟದ ಹೊತ್ತನ್ನು ಯಾರ ಜೊತೆ ಕಳೆಯುತ್ತಾರೆ ಎಂದು ಗಮನಿಸಿದರು. ನಾಲ್ಕೂವರೆ ವರ್ಷದ ಮಕ್ಕಳು ತಮ್ಮಂಥವರ ಜೊತೆ, ಅಂದರೆ ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ, ಸುಮಾರು ಮೂರು ಪಟ್ಟು ಹೆಚ್ಚು ಹೊತ್ತು ಇದ್ದರು. ಅದೇ ಮಕ್ಕಳಿಗೆ ಆರೂವರೆ ವರ್ಷವಾದಾಗ ಅದು ಹನ್ನೊಂದು ಪಟ್ಟಾಗಿತ್ತು. ಅವರು ಇದನ್ನು ಪ್ರಕಟಿಸಿದ್ದು 1987ರಲ್ಲಿ.

ಪೆಟ್ಟಿಗೆಯೊಳಗಿನ ಸಿನಿಮಾ

ಹುಡುಗರಿಗೆ ಚೆಂಡು ಇಷ್ಟ, ಹುಡುಗಿಯರಿಗೆ ಗೊಂಬೆ ಇಷ್ಟ, ಅದಕ್ಕೇ ಬೇರೆಯಾಗುತ್ತಾರೆ ಎಂದು ಬಿಡುವುದು ಸುಲಭ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಒಬ್ಬರನ್ನೊಬ್ಬರು ಕೆಡವಿ, ಮೇಲೆ ಬಿದ್ದು, ಉರುಳಾಡುವ ಆಟ ಹುಡುಗರಲ್ಲಿ ಹೆಚ್ಚು. ಅದು ಬೇಡವಾದವರು ಪಕ್ಕಕ್ಕೆ ಸರಿಯುತ್ತಾರೆ. ಆದರೆ ಕಣ್ಣಾಮುಚ್ಚಾಲೆ ಎರಡೂ ಕಡೆಯವರಿಗೆ ಇಷ್ಟ. ಜೂಟಾಟ ಇಷ್ಟ, ಲಗೋರಿ ಇಷ್ಟ. ಹಾಗಿದ್ದರೂ ಎರಡು ಕಣ್ಣಾಮುಚ್ಚಾಲೆಗಳು ಬೇರೆ ಬೇರೆ ನಡೆಯುವುದೇಕೆ?

ಮೆಕಬಿಯವರು ಹೇಳುವ ಇನ್ನೊಂದು ಕಾರಣ ನನಗೆ ಹೆಚ್ಚು ಸರಿ ಎನಿಸುತ್ತದೆ. ಅದು ಮಾತು ನಡೆಯುವ, ಮಾತು ನಡೆಯದ ವಿಷಯ.

1983ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಶಿಶುವಿಹಾರದ ನಾಲ್ಕು ಮಕ್ಕಳ ಮುಂದೆ ಒಂದು ಪೆಟ್ಟಿಗೆ ಇಟ್ಟರು. ಅದರ ಕಿಂಡಿಯಲ್ಲಿ ಇಣುಕಿದರೆ ಕಾರ್ಟೂನ್ ಕಾಣುತ್ತದೆ. ಆದರೆ ಒಬ್ಬರು ನೋಡಬೇಕಾದರೆ ಇನ್ನೊಬ್ಬರು ಹಿಡಿಕೆ ತಿರುಗಿಸಬೇಕು, ಮತ್ತೊಬ್ಬರು ದೀಪದ ಗುಂಡಿ ಒತ್ತಿ ಹಿಡಿಯಬೇಕು. ನಾಲ್ಕನೆಯವರಿಗೆ ಏನೂ ಕೆಲಸವಿಲ್ಲ, ಕಾಯಬೇಕು ಅಷ್ಟೆ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಸೇರಿದ ಗುಂಪಿನಲ್ಲಿ ಕಿಂಡಿಯ ಮುಂದೆ ಹೆಚ್ಚು ಹೊತ್ತು ನಿಂತವರು ಹುಡುಗರು. ಹುಡುಗಿಯರೇ ಇದ್ದ ಗುಂಪಿನಲ್ಲಿ ಅವರೂ ಚೆನ್ನಾಗಿಯೇ ಪಾಳಿ ಹಾಕಿಕೊಂಡು ನೋಡಿದರು. ಅಂದರೆ ಅವರಿಗೆ ಆಸೆ ಇಲ್ಲ ಎಂದಲ್ಲ, ಜಾಣತನ ಇಲ್ಲ ಎಂದೂ ಅಲ್ಲ. ಹುಡುಗರು ತಳ್ಳಿದಾಗ ಅವರ ಉಪಾಯ ನಡೆಯಲಿಲ್ಲ.

ಆ ವಯಸ್ಸಿನ ಹುಡುಗಿಯರು ದಿನದಿನಕ್ಕೂ ಕೇಳಿಕೊಳ್ಳುವುದನ್ನು ಕಲಿಯುತ್ತಿರುತ್ತಾರೆ. “ಈಗ ನಾನು ನೋಡ್ಲಾ?”, “ಆಮೇಲೆ ನಿಂಗೆ ಕೊಡ್ತೀನಿ”. ಈ ದಾರಿ ಟೀಚರ ಹತ್ತಿರ ನಡೆಯುತ್ತದೆ, ಅಜ್ಜಿಯ ಹತ್ತಿರವಂತೂ ಬಹಳ ಚೆನ್ನಾಗಿ ನಡೆಯುತ್ತದೆ. ಹುಡುಗರು ಅದೇ ಹೊತ್ತಿನಲ್ಲಿ ನೇರವಾಗಿ ಹೇಳುವುದನ್ನು ಕಲಿಯುತ್ತಿರುತ್ತಾರೆ. “ಏಯ್ ಸರಿ, ನಂದು!” ಅಂಥ ಹುಡುಗನ ಕಿವಿಗೆ “ನೋಡ್ಲಾ?” ಎಂಬ ಮಾತು ಬೀಳುವುದೇ ಇಲ್ಲ. ಹೇಳಿದ್ದು ನಡೆಯದ ಕಡೆ ಯಾರು ತಾನೇ ಆಡಲು ಇಷ್ಟಪಡುತ್ತಾರೆ? ಹುಡುಗಿಯರು ಮೊದಲು ದೂರ ಸರಿಯುತ್ತಾರೆ. ಸ್ವಲ್ಪ ದಿನದಲ್ಲಿ ಹುಡುಗರೇ ಅದನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ತಮ್ಮ ಗುಂಪಿನವನೊಬ್ಬ ಆ ಕಡೆ ಹೋದರೆ ಸಹಿಸುವುದಿಲ್ಲ. ಹುಡುಗಿಯೊಬ್ಬಳು ಹುಡುಗರ ಜೊತೆ ಕ್ರಿಕೆಟ್ ಆಡಿದರೆ “ಗಂಡುಬೀರಿ” ಎಂದು ಒಂದು ಮಾತು ಬರಬಹುದು, ಅಲ್ಲಿಗೆ ಮುಗಿಯಿತು. ಹುಡುಗನೊಬ್ಬ ಕುಂಟೆಬಿಲ್ಲೆ ಆಡಿದರೆ ಮಾತು ಇನ್ನೂ ಚುಚ್ಚುತ್ತದೆ, ಹೆಚ್ಚು ದಿನ ಅಂಟಿಕೊಳ್ಳುತ್ತದೆ.

ಶಿಬಿರದ ಆರು ನಿಯಮ

ಹಾಗಾದರೆ ಇಬ್ಬರೂ ಮಾತಾಡುವುದೇ ಇಲ್ಲವೇ? ಮಾತಾಡುತ್ತಾರೆ. ಅದಕ್ಕೆ ನಿಯಮಗಳಿವೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಅಲನ್ ಸ್ರೂಫ್ ಮತ್ತು ಅವರ ಜೊತೆಗಾರರು ಹತ್ತು–ಹನ್ನೊಂದು ವರ್ಷದ ಮಕ್ಕಳ ಬೇಸಿಗೆ ಶಿಬಿರವೊಂದನ್ನು ಗಮನಿಸಿ 1993ರಲ್ಲಿ ಬರೆದರು. ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಇದೇ. ಹುಡುಗ–ಹುಡುಗಿ ಹತ್ತಿರ ಬರಲು ಯಾವಾಗ ಅನುಮತಿ ಇದೆ ಎಂಬುದನ್ನು ಅವರು ಮಕ್ಕಳ ನಡತೆಯಿಂದಲೇ ಹೆಕ್ಕಿ ತೆಗೆದರು.

ಎಲ್ಲೋ ನೋಡಿಕೊಂಡು ಹೋಗುವಾಗ ಡಿಕ್ಕಿಯಾದರೆ ತಪ್ಪಿಲ್ಲ, ಅದು ಅಕಸ್ಮಾತ್ತು. ಶರಬತ್ತು ತೆಗೆದುಕೊಳ್ಳಲು ಹೋದಾಗ ಆ ಕಡೆಯವರು ಅಲ್ಲಿದ್ದರೆ ಪಕ್ಕದಲ್ಲಿ ಕಾಯಬಹುದು, ಮಾತು ಕೂಡದು. ಕೆಲಸವಿದ್ದರೆ “ಆ ಶರಬತ್ತು ಈ ಕಡೆ ಕೊಡು” ಎನ್ನಬಹುದು. ಮಾತಿನಲ್ಲಿ ಆಸಕ್ತಿ ಮಾತ್ರ ಕಾಣಬಾರದು. ದೊಡ್ಡವರು “ಹೋಗಿ ಅವರ ಹತ್ತಿರ ಆ ನಕ್ಷೆ ಇಸಕೊಂಡು ಬಾ” ಎಂದರೆ ಧಾರಾಳವಾಗಿ ಹೋಗಬಹುದು, ಏಕೆಂದರೆ ಅದು ತನ್ನ ಇಷ್ಟವಲ್ಲ. ತನ್ನ ಕಡೆಯ ಇನ್ನೊಬ್ಬರು ಜೊತೆಗಿದ್ದರೆ, ಇಬ್ಬರು ಹುಡುಗಿಯರು ಇಬ್ಬರು ಹುಡುಗರ ಹತ್ತಿರ ಮಾತಾಡಬಹುದು. ಕೊನೆಯದು ಎಲ್ಲಕ್ಕಿಂತ ತಮಾಷೆಯದು: ಹೋಗುವಾಗ ಒಂದು ಬೈಗುಳ ಬೈದರೆ, ತಳ್ಳಿದರೆ, ಏನಾದರೂ ಎಸೆದರೆ, ಆಗಲೂ ಹತ್ತಿರ ಹೋಗಬಹುದು. ಬೈದವರನ್ನು ಯಾರೂ ಸ್ನೇಹಿತರೆಂದು ಅನುಮಾನಿಸುವುದಿಲ್ಲವಲ್ಲ!

ಇದನ್ನು ಓದುತ್ತಿರುವ ಮಕ್ಕಳು ಈಗ ನಗುತ್ತಿರಬೇಕು. ನಿಮ್ಮ ಶಾಲೆಯಲ್ಲಿ ಶರಬತ್ತಿನ ಬದಲು ನೀರಿನ ನಲ್ಲಿ, ನಕ್ಷೆಯ ಬದಲು ಹಾಜರಿ ಪುಸ್ತಕ. ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ.

ಆ ಶಿಬಿರದಲ್ಲಿ ಕಂಡ ಇನ್ನೊಂದು ವಿಷಯ ಅಜ್ಜ–ಅಜ್ಜಿಯರು ಗಮನಿಸಬೇಕಾದದ್ದು. ಈ ಗೆರೆಯನ್ನು ಕಾಯ್ದುಕೊಂಡ ಮಕ್ಕಳು ಉಳಿದವರಿಗೆ ಹೆಚ್ಚು ಬೇಕಾದವರಾಗಿದ್ದರು. ಮತ್ತೆ ಮತ್ತೆ ದಾಟಿದ ಮಕ್ಕಳನ್ನು ಜೊತೆಯವರು ಅಷ್ಟಾಗಿ ಸೇರಿಸುತ್ತಿರಲಿಲ್ಲ. ಹುಡುಗ ಹುಡುಗಿಯ ಜೊತೆ ಮಾತಾಡುವುದು ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಎಲ್ಲರ ಕಣ್ಣೆದುರು ಗೆರೆ ದಾಟಿದರೆ ಆ ವಯಸ್ಸಿನಲ್ಲಿ ಬೆಲೆ ತೆರಬೇಕಾಗುತ್ತದೆ, ಮತ್ತು ಮಕ್ಕಳಿಗೆ ಆ ಬೆಲೆ ಎಷ್ಟೆಂದು ಸರಿಯಾಗಿ ಗೊತ್ತಿರುತ್ತದೆ. “ಅಷ್ಟಕ್ಕೆಲ್ಲ ಯಾಕೆ ಹೆದರಬೇಕು, ಹೋಗಿ ಮಾತಾಡು” ಎಂದು ನಾವು ಹೇಳುವುದು ಸುಲಭ. ತೆರುವವರು ಅವರು.

ಕರಿಬೇವಿನ ಹುಳ

ನಮ್ಮ ಬೀದಿಯಲ್ಲೇ ನಡೆದದ್ದು ಹೇಳುತ್ತೇನೆ. ನನ್ನ ಮೊಮ್ಮಗಳು ಮತ್ತು ಎದುರು ಮನೆಯ ಹುಡುಗ ಇಬ್ಬರೂ ನಾಲ್ಕನೇ ತರಗತಿ, ಒಂದೇ ಸೆಕ್ಷನ್, ಹೋಗಿ ಬರುವುದು ಒಂದೇ ಆಟೋದಲ್ಲಿ. ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಹಸಿರು ಹುಳವೊಂದನ್ನು ಕಂಡು, ಅಗಲ ಬಾಯಿಯ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ದಿನವೂ ಎಳೆಯ ಎಲೆ ಹಾಕಿ ಸಾಕುತ್ತಿದ್ದರು. ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆಯಿಡುವ ಚಿಟ್ಟೆಯ ಮರಿ ಅದು. ಬೆಳಗ್ಗೆ ಆಟೋ ಹತ್ತಿದಾಗಿನಿಂದ ಶಾಲೆಯ ಗೇಟು ಬರುವ ತನಕ ಹುಳದ ಮಾತೇ ಮಾತು. ಗೇಟಿನಲ್ಲಿ ಇಳಿದ ಮೇಲೆ ಅವನು ಯಾರೋ, ಇವಳು ಯಾರೋ.

ಒಂದು ದಿನ ಇವರಿಬ್ಬರೂ ಆಟೋದಿಂದ ನಗುತ್ತ ಇಳಿದದ್ದನ್ನು ಯಾರೋ ನೋಡಿದ್ದಾರೆ. ಮಧ್ಯಾಹ್ನ ಊಟ ಮುಗಿಸಿ ಬರುವ ಹೊತ್ತಿಗೆ ಕಪ್ಪು ಹಲಗೆಯ ಮೇಲೆ ಇಬ್ಬರ ಹೆಸರು, ನಡುವೆ ಒಂದು ಕೂಡಿಸುವ ಚಿಹ್ನೆ. ತರಗತಿಯೆಲ್ಲ “ಓ…” ಎಂದು ಕೂಗಿತಂತೆ. ಆ ಸಂಜೆಯಿಂದ ಹುಡುಗ ನಮ್ಮ ಮನೆಗೆ ಬರಲಿಲ್ಲ. ಆಟೋದಲ್ಲೂ ಡ್ರೈವರ್ ಪಕ್ಕ ಮುಂದೆ ಕೂರತೊಡಗಿದ. ಮೊಮ್ಮಗಳು ಒಬ್ಬಳೇ ಎಲೆ ಹಾಕಿದಳು. “ಬರದಿದ್ರೆ ಬಿಡಲಿ, ಹುಳ ನಂದೇ” ಎಂದಳು. ರಾತ್ರಿ ಮಲಗುವಾಗ ಮಾತ್ರ, “ಅಜ್ಜೀ, ನಾನೇನು ಮಾಡ್ದೆ?” ಎಂದು ಕೇಳಿದಳು.

ಎರಡು ವಾರ ಹೀಗೇ ನಡೆಯಿತು. ಹುಳ ಕೋಶ ಕಟ್ಟಿತು. ಹುಡುಗ ಕಿಟಕಿಯಿಂದ ನಮ್ಮ ಹಿತ್ತಲ ಕಡೆ ನೋಡುವುದು ನನಗೆ ಕಾಣುತ್ತಿತ್ತು. ಒಮ್ಮೆ ಅಂಗಡಿಯ ಹತ್ತಿರ ಸಿಕ್ಕಾಗ ಕೇಳಿದೆ. ತಲೆ ತಗ್ಗಿಸಿ, “ಅಜ್ಜೀ, ಶಾಲೇಲಿ ಎಲ್ಲಾರೂ ನೋಡ್ತಾರೆ” ಎಂದ. “ಮನೇಲಿ ಯಾರು ನೋಡ್ತಾರೋ?” ಎಂದೆ. “ಮನೆಗೆ ಬಂದ್ರೆ ಶಾಲೇಲಿ ಗೊತ್ತಾಗುತ್ತೆ” ಎಂದ. ಅವನ ಲೆಕ್ಕ ತಪ್ಪಿರಲಿಲ್ಲ. ಒಂದೇ ಆಟೋದಲ್ಲಿ ಇನ್ನೂ ಆರು ಮಕ್ಕಳು ಬರುತ್ತಾರೆ.

ಸ್ನೇಹಿತರಾಗಿರಿ ಎಂದು ನಾನು ಯಾರಿಗೂ ಉಪದೇಶ ಮಾಡಲಿಲ್ಲ. ಅವನ ತಂಗಿ ಒಂದನೇ ತರಗತಿ. ಅವರ ಅಮ್ಮನಿಗೆ ಹೇಳಿದೆ, ಸಂಜೆ ಕರಿಬೇವು ಬೇಕಾದಾಗ ಚಿಕ್ಕವಳನ್ನು ಕಳಿಸಮ್ಮ ಎಂದು. ಚಿಕ್ಕವಳು ರಸ್ತೆ ದಾಟಬೇಕಾದರೆ ಅಣ್ಣ ಜೊತೆಗೆ ಬರಲೇಬೇಕು. ಬಂದ. ಗಿಡದ ಹತ್ತಿರವೇ ನಿಂತ, ಬಾಟಲಿಯ ಕಡೆ ತಿರುಗಿ ನೋಡಲಿಲ್ಲ. ತಂಗಿ ಹೋಗಿ ಬಾಟಲಿಗೆ ಮೂಗು ತಾಗಿಸಿ “ಇದು ಸತ್ತೋಗಿದೆ” ಎಂದಳು. ಅವನಿಗೆ ತಡೆಯಲಾಗಲಿಲ್ಲ. “ಸತ್ತಿಲ್ಲ ಕಣೇ, ಒಳಗಿದೆ!” ಎಂದು ಓಡಿದ. ಕೆಲಸವಿತ್ತು, ದೊಡ್ಡವರು ಕಳಿಸಿದ್ದರು, ತಂಗಿ ಜೊತೆಗಿದ್ದಳು. ಶಿಬಿರದ ನಿಯಮಗಳಲ್ಲಿ ಮೂರಕ್ಕೆ ಸರಿಹೊಂದುವಂತೆ ಬಂದಿದ್ದ!

ಚಿಟ್ಟೆ ಹೊರಬಂದದ್ದು ಒಂದು ಬೆಳಗ್ಗೆ. ಅವನಿಗೆ ಅಂದು ತಡವಾಗಿ, ಅಪ್ಪನ ಸ್ಕೂಟರಿನಲ್ಲಿ ಶಾಲೆಗೆ ಹೋಗಿದ್ದ. ಮೊಮ್ಮಗಳ ಹೊಟ್ಟೆಯಲ್ಲಿ ಸುದ್ದಿ ನಿಲ್ಲುತ್ತಿಲ್ಲ. ಹೇಳುವುದು ಹೇಗೆ? ಸಂಜೆ ಬಂದು ನನಗೆ ವರದಿ ಒಪ್ಪಿಸಿದಳು. ನೀರಿನ ನಲ್ಲಿಯ ಹತ್ತಿರ ಗೆಳತಿಯ ಕೈ ಹಿಡಿದುಕೊಂಡು ಹೋಗಿ, ಅವನ ಕಡೆ ನೋಡದೆ, “ಏಯ್ ಕೋತಿ, ನಿನ್ನ ಹುಳ ಹಾರಿಹೋಯ್ತು!” ಎಂದು ಕೂಗಿ ಓಡಿಬಂದಳಂತೆ. ಅವನು “ನೀನೇ ಕೋತಿ” ಎಂದನಂತೆ. “ಆದ್ರೆ ನಗ್ತಿದ್ದ ಅಜ್ಜೀ” ಎಂದಳು.

ಮಕ್ಕಳು ಕಡಿಮೆಯಿದ್ದ ಕಡೆ

ಈ ಹುಡುಗ ಹೇಳಿದ “ಎಲ್ಲಾರೂ ನೋಡ್ತಾರೆ” ಎಂಬ ಮಾತಿನಲ್ಲೇ ಇಡೀ ವಿಷಯ ಅಡಗಿದೆ ಎಂದು ನನಗೆ ಅನಿಸುತ್ತದೆ. ಬ್ಯಾರಿ ಥಾರ್ನ್ ಎಂಬ ಸಮಾಜಶಾಸ್ತ್ರಜ್ಞೆ ಕ್ಯಾಲಿಫೋರ್ನಿಯ ಮತ್ತು ಮಿಷಿಗನ್‌ನ ಎರಡು ಪ್ರಾಥಮಿಕ ಶಾಲೆಗಳಲ್ಲಿ ತಿಂಗಳುಗಟ್ಟಲೆ ಆಟದ ಬಯಲಿನಲ್ಲಿ, ಊಟದ ಕೋಣೆಯಲ್ಲಿ ಮಕ್ಕಳ ನಡುವೆ ಕೂತು ಬರೆದುಕೊಂಡರು. 1993ರಲ್ಲಿ ಬಂದ ಅವರ ಪುಸ್ತಕದಲ್ಲಿ ಇಂಥದ್ದೇ ಮಕ್ಕಳು ಸಿಗುತ್ತಾರೆ: ಮನೆಯ ಹತ್ತಿರ ಒಟ್ಟಿಗೆ ಆಡುವವರು, ಶಾಲೆಯಲ್ಲಿ ಪರಿಚಯವೇ ಇಲ್ಲದಂತೆ ಇರುವವರು. ಶಾಲೆಯಲ್ಲಿ ಬೇರೆಯಾಗುವಷ್ಟು ಮಕ್ಕಳು ಬೀದಿಯಲ್ಲಿ ಬೇರೆಯಾಗುವುದಿಲ್ಲ ಎಂಬುದು ಅವರು ಒತ್ತಿ ಹೇಳಿದ ಮಾತು.

ಕಾರಣ ಸರಳ. ತರಗತಿಯಲ್ಲಿ ಒಂದೇ ವಯಸ್ಸಿನ ಮೂವತ್ತು ನಲವತ್ತು ಮಕ್ಕಳಿರುತ್ತಾರೆ. ಆರಿಸಿಕೊಳ್ಳಲು ಬೇಕಾದಷ್ಟು ಜನ, ನೋಡಿ ನಗಲೂ ಬೇಕಾದಷ್ಟು ಜನ. ಬೀದಿಯಲ್ಲಿ ಇರುವುದೇ ಐದಾರು ಮಕ್ಕಳು, ಅದರಲ್ಲೊಬ್ಬ ಹನ್ನೆರಡು ವರ್ಷದವನು, ಇನ್ನೊಬ್ಬಳು ನಾಲ್ಕು ವರ್ಷದವಳು. ಲಗೋರಿಗೆ ಎರಡು ತಂಡ ಬೇಕು. ಹುಡುಗಿಯರನ್ನು ಬಿಟ್ಟರೆ ಆಟವೇ ಇಲ್ಲ. ಬೀಟ್ರಿಸ್ ವೈಟಿಂಗ್ ಮತ್ತು ಕ್ಯಾರೊಲಿನ್ ಎಡ್ವರ್ಡ್ಸ್ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಖಾಲಾಪುರವೂ ಸೇರಿದಂತೆ ಹಲವು ದೇಶಗಳ ಮಕ್ಕಳನ್ನು ಹೋಲಿಸಿ 1988ರಲ್ಲಿ ಬರೆದ ಪುಸ್ತಕದಲ್ಲೂ ಇದೇ ಕಾಣುತ್ತದೆ. ಚಿಕ್ಕವರು ದೊಡ್ಡವರು ಬೆರೆತು, ತಮ್ಮ ತಂಗಿಯರನ್ನು ಎತ್ತಿಕೊಂಡು ಆಡುವ ಅಂಗಳದಲ್ಲಿ ಬೇರ್ಪಡೆ ಕಡಿಮೆ. ಒಂದೇ ವಯಸ್ಸಿನವರು ಗುಂಪಾಗಿ ಸೇರುವ ಕಡೆ ಹೆಚ್ಚು.

ನನ್ನ ವಯಸ್ಸಿನ ಓದುಗರು “ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಎಲ್ಲ ಒಟ್ಟಿಗೇ ಮರಕೋತಿ ಆಡುತ್ತಿದ್ದೆವು” ಎನ್ನುವುದುಂಟು. ಅದು ನಿಜ. ಆದರೆ ನೆನಪು ಮಾಡಿಕೊಳ್ಳಿ, ಅದು ಅಜ್ಜಿಯ ಊರಿನ ತೋಪಿನಲ್ಲಿ, ಬೇಸಿಗೆ ರಜೆಯಲ್ಲಿ, ಅತ್ತೆ–ಮಾವ–ಚಿಕ್ಕಪ್ಪಂದಿರ ಮಕ್ಕಳ ಜೊತೆ. ಅದೇ ನೀವು ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ? ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ.

ಸಾಲಿನ ಮಾತು ಬಂದಾಗ ಒಂದು ವಿಷಯ ಹೇಳದೆ ಹೋಗಲಾರೆ. ಮಕ್ಕಳೇ ಬೇರೆಯಾಗುತ್ತಾರೆ ಎನ್ನುವುದು ಅರ್ಧ ನಿಜ ಮಾತ್ರ, ಇನ್ನರ್ಧವನ್ನು ದೊಡ್ಡವರು ಮಾಡಿಕೊಡುತ್ತಾರೆ. ಪ್ರಾರ್ಥನೆಗೆ ಎರಡು ಸಾಲು, ಹಾಜರಿಯಲ್ಲಿ ಹುಡುಗರ ಹೆಸರು ಮೊದಲು, ರಸಪ್ರಶ್ನೆಯಲ್ಲಿ ಹುಡುಗರ ತಂಡ, ಹುಡುಗಿಯರ ತಂಡ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಗಲಾಟೆ ಮಾಡಿದ ಹುಡುಗನನ್ನು ಹುಡುಗಿಯರ ನಡುವೆ ಕೂರಿಸುವ ಶಿಕ್ಷೆ. ಅದನ್ನು ನೋಡಿದ ನಲವತ್ತು ಮಕ್ಕಳೂ ಕಲಿಯುವ ಪಾಠ ಒಂದೇ: ಹುಡುಗಿಯ ಪಕ್ಕ ಕೂರುವುದು ಅವಮಾನ. ಶಿಸ್ತಿಗೆ ಬೇರೆ ನೂರು ದಾರಿಗಳಿವೆ.

ಮನೆಯಲ್ಲಿ ನಾವು ಅಜ್ಜ–ಅಜ್ಜಿಯರು ಮಾಡುವ ತಮಾಷೆಯೂ ಇದೇ ಜಾತಿಯದು. ಎದುರು ಮನೆಯ ಹುಡುಗಿ ಬಂದರೆ “ಏನೋ, ನಿನ್ನ ಹೆಂಡತಿ ಬಂದಳು ನೋಡು” ಎನ್ನುವುದು, ಅತ್ತೆಯ ಮಗ ಬಂದರೆ “ಇವನಿಗೇ ಕೊಟ್ಟುಬಿಡೋಣ” ಎನ್ನುವುದು. ಐದು ವರ್ಷದ ಮಗು ಅದಕ್ಕೆ ನಗುತ್ತದೆ. ಒಂಬತ್ತು ವರ್ಷದ ಮಗು ಬಾಗಿಲು ಹಾಕಿಕೊಳ್ಳುತ್ತದೆ. ಕಪ್ಪು ಹಲಗೆಯ ಮೇಲೆ ಕೂಡಿಸುವ ಚಿಹ್ನೆ ಹಾಕಿದವರಿಗೂ ನಮಗೂ ಆಗ ವ್ಯತ್ಯಾಸ ಉಳಿಯುವುದಿಲ್ಲ.

ಗುಂಪಿನೊಳಗಿನ ಗುಂಪು

ಹುಡುಗಿಯರೆಲ್ಲ ಒಂದು, ಹುಡುಗರೆಲ್ಲ ಒಂದು ಎಂದು ತಿಳಿಯಬೇಡಿ. ಗೆರೆಯ ಈಚೆಗೂ ಆಚೆಗೂ ಸಣ್ಣ ಸಣ್ಣ ಕೂಟಗಳಿರುತ್ತವೆ. ಹುಡುಗರ ಗುಂಪು ಸಾಮಾನ್ಯವಾಗಿ ದೊಡ್ಡದು, ಆಟವೇ ಅದರ ಕಟ್ಟು. ಜಗಳವಾದರೂ ಆಟ ನಿಲ್ಲಬಾರದೆಂದು ಬೇಗ ರಾಜಿಯಾಗುತ್ತದೆ. ಹುಡುಗಿಯರಲ್ಲಿ ಇಬ್ಬರು ಮೂವರ ಕೂಟ ಹೆಚ್ಚು, ಅಲ್ಲಿ ಕಟ್ಟು ಗುಟ್ಟಿನ ಮಾತು. ಮೂವರಿದ್ದಾಗ ಇಬ್ಬರು ಹತ್ತಿರವಾದರೆ ಮೂರನೆಯವಳು ಹೊರಗೆ. “ಅವಳ ಹತ್ರ ಮಾತಾಡಿದ್ರೆ ನಿನ್ನ ಜೊತೆ ಠೂ” ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ.

ನಾನು ಪಾಠ ಹೇಳುತ್ತಿದ್ದಾಗ ಮೊರೆನೊ ಮಾಡಿದಂತೆಯೇ ವರ್ಷಕ್ಕೆ ಎರಡು ಸಲ ತರಗತಿಯ ಸ್ನೇಹದ ನಕ್ಷೆ ಬರೆಯುತ್ತಿದ್ದೆ. ಪ್ರವಾಸಕ್ಕೆ ಬಸ್ಸಿನಲ್ಲಿ ಯಾರ ಪಕ್ಕ ಕೂರಲು ಇಷ್ಟ, ಇಬ್ಬರ ಹೆಸರು ಚೀಟಿಯಲ್ಲಿ ಬರೆದುಕೊಡಿ ಎನ್ನುತ್ತಿದ್ದೆ. ಯಾರು ಬೇಡ ಎಂದು ಎಂದೂ ಕೇಳಬಾರದು. ಕೇಳಿದರೆ ಅದುವರೆಗೆ ಯೋಚಿಸದ ಮಗುವೂ ಒಂದು ಹೆಸರು ಹುಡುಕುತ್ತದೆ. ಚೀಟಿಗಳನ್ನು ಯಾರಿಗೂ ತೋರಿಸಬಾರದು. ಮನೆಗೆ ಬಂದು ದೊಡ್ಡ ಹಾಳೆಯ ಮೇಲೆ ಹುಡುಗಿಯರಿಗೆ ವೃತ್ತ, ಹುಡುಗರಿಗೆ ತ್ರಿಕೋನ ಬರೆದು, ಆರಿಸಿದವರಿಂದ ಆರಿಸಲ್ಪಟ್ಟವರ ಕಡೆ ಬಾಣ ಎಳೆಯುತ್ತಿದ್ದೆ.

ಒಂದು ವರ್ಷದ ನಾಲ್ಕನೇ ತರಗತಿಯ ನಕ್ಷೆ ಇನ್ನೂ ನನ್ನ ಹತ್ತಿರ ಇದೆ. ವೃತ್ತಗಳ ನಡುವೆ ಮೂರು ಬಿಗಿಯಾದ ಗಂಟುಗಳು, ತ್ರಿಕೋನಗಳ ನಡುವೆ ಉದ್ದದ ಸರಪಳಿ, ಅದರ ಮಧ್ಯೆ ಕ್ರಿಕೆಟ್ ಬ್ಯಾಟಿನ ಮಾಲೀಕ. ಅವನ ಕಡೆಗೆ ಒಂಬತ್ತು ಬಾಣ. ಗೆರೆ ದಾಟಿದ ಬಾಣ ಒಂದೇ ಒಂದು, ಅದೂ ಅಣ್ಣ–ತಂಗಿಯಂತೆ ಒಂದೇ ವಠಾರದಲ್ಲಿ ಬೆಳೆದ ಇಬ್ಬರ ನಡುವೆ. ಒಂದು ವೃತ್ತಕ್ಕೆ ಮಾತ್ರ ಯಾವ ಬಾಣವೂ ಬಂದಿರಲಿಲ್ಲ. ಆ ಹುಡುಗಿ ಜಗಳಗಂಟಿಯಲ್ಲ, ಗಲಾಟೆಯವಳಲ್ಲ. ನಡುವರ್ಷದಲ್ಲಿ ಬೇರೆ ಊರಿನಿಂದ ಬಂದವಳು, ಅಷ್ಟರಲ್ಲಿ ಗಂಟುಗಳೆಲ್ಲ ಕಟ್ಟಿಯಾಗಿದ್ದವು. ಆಟದ ಬಯಲಿನಲ್ಲಿ ನಿಂತು ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಅವಳು ಯಾವುದಾದರೊಂದು ಗುಂಪಿನ ಅಂಚಿನಲ್ಲಿ ಸದಾ ನಿಂತಿರುತ್ತಿದ್ದಳು.

ಕೂಟ ಕಟ್ಟಿಕೊಳ್ಳುವುದು ತಪ್ಪಲ್ಲ, ಅದು ಆ ವಯಸ್ಸಿನ ಸಹಜ ಕೆಲಸ. ತೊಂದರೆ ಯಾವಾಗ ಎಂಬುದಕ್ಕೆ ನಾನು ನೋಡುತ್ತಿದ್ದದ್ದು ಬಾಗಿಲನ್ನು. ನಾಲ್ಕನೆಯವಳು ಡಬ್ಬಿ ಹಿಡಿದು ಬಂದಾಗ ಸ್ವಲ್ಪ ಸರಿದು ಜಾಗ ಕೊಡುತ್ತಾರೋ, ಇಲ್ಲವೇ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೋ? ಇಂದು ಒಬ್ಬಳು ಹೊರಗೆ, ನಾಳೆ ಇನ್ನೊಬ್ಬಳು ಎಂದಾದರೆ ಅದು ಠೂ–ರಾಜಿಯ ಆಟ, ತಾನಾಗಿ ಸರಿಹೋಗುತ್ತದೆ. ವಾರಗಟ್ಟಲೆ ಹೊರಗುಳಿಯುವ ಮಗು ಅದೇ ಒಂದಾಗಿದ್ದರೆ, ಅಥವಾ ಮನೆಯಲ್ಲಿ ಸೋಮವಾರ ಬೆಳಗ್ಗೆ ಹೊಟ್ಟೆನೋವು ಬಂದು ಹತ್ತು ಗಂಟೆಗೆ ಮಾಯವಾಗುತ್ತಿದ್ದರೆ, ದೊಡ್ಡವರು ಕೈಹಾಕಬೇಕು.

ಕೈಹಾಕುವುದೆಂದರೆ “ಇವಳನ್ನು ಸೇರಿಸಿಕೊಳ್ಳಿ” ಎಂದು ಅಪ್ಪಣೆ ಮಾಡುವುದಲ್ಲ. ಅಪ್ಪಣೆಗೆ ಸೇರಿಸಿಕೊಂಡವರು ಬೆನ್ನು ತಿರುಗಿಸಿದ ಕೂಡಲೇ ಬಿಡುತ್ತಾರೆ. ಆ ಹೊಸ ಹುಡುಗಿ ತನ್ನ ಚೀಟಿಯಲ್ಲಿ ಬರೆದಿದ್ದ ಇಬ್ಬರಲ್ಲಿ ಒಬ್ಬಳನ್ನು ಆರಿಸಿ, ಇಬ್ಬರಿಗೂ ಸೇರಿ ಒಂದು ಕೆಲಸ ಕೊಟ್ಟೆ. ದಿನವೂ ಬೆಳಗ್ಗೆ ಶಾಲೆಯ ಮಳೆಮಾಪಕದ ನೀರು ಅಳೆದು ಗೋಡೆಯ ಪಟ್ಟಿಯಲ್ಲಿ ಬರೆಯುವುದು. ಒಬ್ಬಳು ಮಾಪಕ ಹಿಡಿಯಬೇಕು, ಇನ್ನೊಬ್ಬಳು ಓದಿ ಬರೆಯಬೇಕು. ಒಬ್ಬಳಿಂದ ಆಗದ ಕೆಲಸವನ್ನೇ ಬೇಕೆಂದು ಆರಿಸಿದ್ದೆ. ಇಡೀ ಗುಂಪು ಬೇಕಿಲ್ಲ, ಒಂದು ಮಗುವಿಗೆ ಎರಡೂ ಕಡೆಯಿಂದ ಬಾಣವಿರುವ ಒಬ್ಬ ಸ್ನೇಹಿತೆ ಇದ್ದರೆ ಸಾಕು. ಮಳೆಗಾಲ ಮುಗಿದು ಮತ್ತೆ ನಕ್ಷೆ ಬರೆದಾಗ ಆ ವೃತ್ತಕ್ಕೆ ಬಾಣ ಬಂದಿತ್ತು.

ಹುಡುಗ–ಹುಡುಗಿಯರ ನಡುವಿನ ಗೆರೆಗೂ ಇದೇ ಉಪಾಯ ನಡೆಯುತ್ತದೆ. ನಾಲ್ಕು ಜನರ ತಂಡ, ಇಬ್ಬರು ಆ ಕಡೆಯವರು, ಇಬ್ಬರು ಈ ಕಡೆಯವರು. ಒಬ್ಬೊಬ್ಬರಿಗೂ ಬೇರೆ ಕೆಲಸ, ಎಲ್ಲರದ್ದೂ ಸೇರಿದರೆ ಮಾತ್ರ ಮುಗಿಯುವಂಥದ್ದು. ಒಬ್ಬಳೇ ಹುಡುಗಿಯನ್ನು ಮೂವರು ಹುಡುಗರ ನಡುವೆ ಹಾಕಬಾರದು, ಪೆಟ್ಟಿಗೆಯ ಸಿನಿಮಾ ನೆನಪಿದೆಯಲ್ಲ. ಕೆಲಸ ಮುಗಿದು ಗಂಟೆ ಹೊಡೆದ ಮೇಲೆ ಅವರು ಮತ್ತೆ ತಮ್ಮ ತಮ್ಮ ಕಟ್ಟೆಗೆ ಹೋಗುತ್ತಾರೆ. ಹೋಗಲಿ. ಮೊರೆನೊ ಅವರ ಎಣಿಕೆಯಲ್ಲೂ ನಾಲ್ಕನೇ ತರಗತಿಯಲ್ಲಿ ತಳ ಮುಟ್ಟಿದ ಸಂಖ್ಯೆ ಎಂಟನೇ ತರಗತಿಗೆ ಬರುವ ಹೊತ್ತಿಗೆ ಮೆಲ್ಲಗೆ ಮೇಲೇಳಲು ಶುರುವಾಗಿತ್ತು. ಆಗ ಅಜ್ಜ–ಅಜ್ಜಿಯರಿಗೆ ಬೇರೆ ಚಿಂತೆಗಳು ಹತ್ತುತ್ತವೆ. ಅದನ್ನು ಇನ್ನೊಂದು ವಾರ ಬರೆಯುತ್ತೇನೆ.